ಕಥೆ: ಒಂಬತ್ತನೆಯ ಕ್ರಮಾಂಕ (ಓದಿ, ಲೆಕ್ಕದಲ್ಲಿ ತಪ್ಪಿದ್ದರೆ ತಿಳಿಸಿ)

ಬ್ರಹ್ಮಾವರದ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮ ಉಡುಪಿ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವರು. 1997ಕ್ಕಿಂತ ಹಿಂದೆ, ಉಡುಪಿಯು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇದ್ದಾಗ, ಒಂದು ಮಳೆಗಾಲದಲ್ಲಿ ಅವರು ಪಟ್ಟ ಪಾಡನ್ನು ಕಥೆಯಾಗಿ ಬರೆದಿದ್ದೇನೆ. ಮಕ್ಕಳ ಕ್ರಮಾಂಕಗಳನ್ನು ಬದಲಿಸಿದ್ದೇನೆ, ಅಂಕಗಳನ್ನು ಬದಲಿಸಿಲ್ಲ. ಭಾಷೆಯ ಬಗ್ಗೆ ಅಭಿಪ್ರಾಯ ಬೇಕು. ಅದಕ್ಕಿಂತ ಹೆಚ್ಚಾಗಿ, ಟೀಚರ್ ಹಿಡಿದ ದಾರಿ ಸರಿಯೇ ಎಂಬ ಬಗ್ಗೆ ಬೇಕು.

ಜೂನ್ ಒಂದರಂದು ಶಾಲೆಯ ಬಾಗಿಲು ತೆರೆದಾಗ ಆಫೀಸು ಕೋಣೆಯ ಮಾಡಿನಲ್ಲಿ ಎರಡು ಹಂಚು ಜಾರಿದ್ದವು. ಕೆಳಗಿದ್ದ ಮರದ ಕಪಾಟಿನೊಳಗೆ ಮೂರು ದಿನದ ಮಳೆ ಇಳಿದಿತ್ತು. ಆರನೆಯ ತರಗತಿಯ ಅಂಕಗಳ ರಿಜಿಸ್ಟರನ್ನು ಟೀಚರ್ ಎರಡೂ ಕೈಯಲ್ಲಿ ಎತ್ತಿದರು. ವಾರ್ಷಿಕ ಪರೀಕ್ಷೆಯ ಪುಟದಲ್ಲಿ ಗೆರೆಗಳು ಉಳಿದಿದ್ದವು, ಅಂಕಿಗಳು ಉಳಿದಿರಲಿಲ್ಲ. ಶಾಯಿ ಪೆನ್ನಿನಲ್ಲಿ ದುಂಡಗೆ ಬರೆಯುವುದು ಅವರ ಹೆಮ್ಮೆಯಾಗಿತ್ತು. ಮೂವತ್ತೊಂದು ಮಕ್ಕಳ ಆರು ವಿಷಯಗಳ ಅಂಕಗಳು ಈಗ ಒಂದೇ ನೀಲಿ ಮೋಡವಾಗಿದ್ದವು. ಹೆತ್ತವರ ಸಹಿಯಾಗಿ ಹಿಂದಕ್ಕೆ ಬಂದಿದ್ದ ಪ್ರಗತಿ ಪತ್ರಗಳ ಕಟ್ಟು ಅದೇ ಕಪಾಟಿನ ಅಡಿಯಲ್ಲಿ ಅಂಟಿಕೊಂಡು ಮುದ್ದೆಯಾಗಿತ್ತು. ಉತ್ತರ ಪತ್ರಿಕೆಗಳನ್ನು ಮೇ ತಿಂಗಳಲ್ಲೇ ರದ್ದಿಗೆ ಕೊಡಲಾಗಿತ್ತು.

ಉಳಿದದ್ದು ಏನು ಎಂದು ಹುಡುಕಲು ಅವರಿಗೆ ಹತ್ತು ದಿನ ಬೇಕಾಯಿತು. ಕನ್ನಡ ಮತ್ತು ಸಮಾಜ ಅವರದೇ ವಿಷಯಗಳಾಗಿದ್ದರಿಂದ ಆ ಅಂಕಗಳು ಅವರ ಮನೆಯ ನೋಟ್‌ಬುಕ್ಕಿನಲ್ಲಿದ್ದವು. ಹಿಂದಿಯ ಪುಸ್ತಕ ಸಿಕ್ಕಿತು. ಗಣಿತದ ಮಾಸ್ಟ್ರು ವರ್ಗವಾಗಿ ಕುಂದಾಪುರದ ಕಡೆಗೆ ಹೋಗಿದ್ದರು. ಅವರು ತಮ್ಮ ನೋಟ್‌ಬುಕ್ಕನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳುಹಿಸಿದರು. ವಿಜ್ಞಾನದ ಪುಸ್ತಕ ಸಿಕ್ಕಿತಾದರೂ ಅದರ ಕೊನೆಯ ಹಾಳೆಯನ್ನು ಗೆದ್ದಲು ತಿಂದಿದ್ದರಿಂದ ಕ್ರಮಾಂಕ 24ರಿಂದ 31ರವರೆಗೆ ಏನೂ ಇರಲಿಲ್ಲ. ಇಂಗ್ಲಿಷ್ ಕಲಿಸಿದ್ದವರು ತಾತ್ಕಾಲಿಕ ಟೀಚರ್. ಮದುವೆಯಾಗಿ ಮುಂಬಯಿಗೆ ಹೋಗಿದ್ದರು, ಅವರ ಪುಸ್ತಕ ಎಲ್ಲಿಯೂ ಇರಲಿಲ್ಲ.

ಹೆಡ್‌ಮಾಸ್ಟ್ರ ಜೇಬಿನ ಪುಸ್ತಕವೊಂದು ಮಾತ್ರ ಪೂರ್ತಿಯಾಗಿತ್ತು. ಫಲಿತಾಂಶದ ದಿನ ಅಂಗಳದಲ್ಲಿ ಓದಿ ಹೇಳಲೆಂದು ಅವರು ರಿಜಿಸ್ಟರ್ ನೋಡಿ ಮೂವತ್ತೊಂದು ಮಕ್ಕಳ ಒಟ್ಟು ಅಂಕಗಳನ್ನು ಬಾಲ್ ಪೆನ್ನಿನಲ್ಲಿ ಬರೆದುಕೊಂಡಿದ್ದರು. ಶಿಕ್ಷಣ ಇಲಾಖೆಯ ಕಚೇರಿಗೆ ಕಳುಹಿಸಿದ ವರದಿಯ ನಕಲಿನಲ್ಲಿ ಪ್ರತಿ ವಿಷಯದ ಒಟ್ಟು ಮೊತ್ತವೂ ಅನುತ್ತೀರ್ಣರಾದವರ ಸಂಖ್ಯೆಯೂ ಇದ್ದವು. ಇಂಗ್ಲಿಷಿನ ಎದುರು 'ಅನುತ್ತೀರ್ಣ: ಇಲ್ಲ' ಎಂದಿತ್ತು. ಗಣಿತದಲ್ಲಿ ಇಬ್ಬರು, ವಿಜ್ಞಾನದಲ್ಲಿ ಒಬ್ಬರು.

ಟೀಚರ್ ದೊಡ್ಡ ಹಾಳೆಯೊಂದರಲ್ಲಿ ಗೆರೆ ಎಳೆದು ಸಿಕ್ಕಿದ್ದನ್ನೆಲ್ಲ ತುಂಬಿಸಿದರು. ಮೊದಲ ಇಪ್ಪತ್ತಮೂರು ಮಕ್ಕಳಿಗೆ ಐದು ವಿಷಯಗಳು ಗೊತ್ತಿದ್ದವು. ಒಟ್ಟಿನಿಂದ ಐದನ್ನೂ ಕಳೆದರೆ ಇಂಗ್ಲಿಷ್ ಬರಬೇಕು. ಬಂತು. 51, 44, 67, 38. ಒಂಬತ್ತನೆಯ ಕ್ರಮಾಂಕಕ್ಕೆ ಬಂದಾಗ ಕನ್ನಡ 65, ಹಿಂದಿ 57, ಸಮಾಜ 61, ವಿಜ್ಞಾನ 55, ಗಣಿತ 85, ಒಟ್ಟು 335. ಕಳೆದರೆ ಇಂಗ್ಲಿಷಿಗೆ ಉಳಿಯುವುದು 12. ಆದರೆ ಇಂಗ್ಲಿಷಿನಲ್ಲಿ ಯಾರೂ ಅನುತ್ತೀರ್ಣರಾಗಿಲ್ಲ ಎಂದು ವರದಿ ಹೇಳುತ್ತಿತ್ತು.

ಅವರು ಆ ಮನೆಯನ್ನು ಖಾಲಿ ಬಿಟ್ಟು ಗಣಿತದ ಕಂಬಸಾಲನ್ನು ಕೂಡಿದರು. ನೋಟ್‌ಬುಕ್ಕಿನ ಪ್ರಕಾರ 1,738. ವರದಿಯ ಪ್ರಕಾರ 1,713. ಇಪ್ಪತ್ತೈದು ಹೆಚ್ಚು. ಎರಡು ಸಲ, ಮೂರು ಸಲ ಕೂಡಿದರೂ ಇಪ್ಪತ್ತೈದೇ. ಆಗ ಅವರ ಕಣ್ಣಿಗೆ ಬಿದ್ದದ್ದು, ನೋಟ್‌ಬುಕ್ಕಿನಲ್ಲಿ ಮೂವತ್ತೈದಕ್ಕಿಂತ ಕೆಳಗೆ ಇಬ್ಬರಲ್ಲ, ನಾಲ್ವರಿದ್ದಾರೆ ಎಂಬುದು. ಆ ನಾಲ್ವರಲ್ಲಿ ಇಬ್ಬರಿಗೆ 34. ಒಂದೊಂದು ಅಂಕವನ್ನು ದಾಕ್ಷಿಣ್ಯಕ್ಕೆ ಸೇರಿಸಿ ದಾಟಿಸಿದ್ದು ಅವರಿಗೆ ನೆನಪಾಯಿತು. ಅದನ್ನು ಸೇರಿಸಿದರೆ ನೋಟ್‌ಬುಕ್ಕಿನ ಮೊತ್ತ 1,740; ವ್ಯತ್ಯಾಸ ಈಗ 27.

ಟೀಚರ ತಂದೆ ಜಿನಸಿನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಲೆಕ್ಕ ತಪ್ಪಿದಾಗ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡು, ಶೇಷವಿಲ್ಲದೆ ಹೋದರೆ ಯಾರೋ ಅಂಕಿಗಳನ್ನು ಹಿಂದುಮುಂದಾಗಿ ಬರೆದಿದ್ದಾರೆ ಎನ್ನುತ್ತಿದ್ದರು. ಇಪ್ಪತ್ತೇಳನ್ನು ಒಂಬತ್ತರಿಂದ ಭಾಗಿಸಿದರೆ ಮೂರು. ಎಂದರೆ ಎರಡು ಅಂಕಿಗಳ ನಡುವೆ ಮೂರರ ಅಂತರವಿರುವ, ಮೊದಲ ಅಂಕಿಯೇ ದೊಡ್ಡದಾಗಿರುವ ಸಂಖ್ಯೆಯನ್ನು ಹುಡುಕಬೇಕು. ಗಣಿತದ ಸಾಲಿನಲ್ಲಿ ಅಂಥವು ಮೂರಿದ್ದವು: ಒಂಬತ್ತನೆಯ ಕ್ರಮಾಂಕದ 85, ಹದಿನಾಲ್ಕರ 63, ಇಪ್ಪತ್ತೊಂದರ 52. ಐವತ್ತೆರಡು ಇಪ್ಪತ್ತೈದಾದರೆ ಅನುತ್ತೀರ್ಣರು ಮೂವರಾಗುತ್ತಾರೆ, ವರದಿಯಲ್ಲಿ ಇಬ್ಬರೇ. ಅರವತ್ತಮೂರು ಮೂವತ್ತಾರಾದರೆ ಆ ಹುಡುಗನ ಇಂಗ್ಲಿಷ್ 98 ಆಗುತ್ತದೆ. ಒಂಬತ್ತನೆಯವಳ 12 ಹಾಗೆಯೇ ಉಳಿಯುತ್ತದೆ. 85ನ್ನು 58 ಮಾಡಿದರೆ ಅವಳ ಇಂಗ್ಲಿಷ್ 39 ಆಗುತ್ತದೆ, ಮೊತ್ತವೂ ಕೂಡಿ ಬರುತ್ತದೆ. ಟೀಚರ್ ಹೊಸ ಹಾಳೆಯಲ್ಲಿ 58 ಎಂದು ಬರೆದರು.

ಇನ್ನುಳಿದದ್ದು ಕೊನೆಯ ಎಂಟು ಮಕ್ಕಳು. ಅವರಲ್ಲಿ ಇಂಗ್ಲಿಷೂ ಇಲ್ಲ, ವಿಜ್ಞಾನವೂ ಇಲ್ಲ. ಎರಡೂ ಸೇರಿದರೆ ಎಷ್ಟು ಎಂಬುದಷ್ಟೇ ಗೊತ್ತು. ಒಂದು ಸಿಕ್ಕಿದರೆ ಇನ್ನೊಂದು ತಾನಾಗಿ ಬರುತ್ತದೆ. ಟೀಚರ್ ಕೊಡೆ ಹಿಡಿದು ಮನೆಮನೆಗೆ ಹೊರಟರು. ಒಬ್ಬ ಹುಡುಗ ತನ್ನ ಹಳೆಯ ವಿಜ್ಞಾನ ಪುಸ್ತಕದ ರಟ್ಟಿನ ಮೇಲೆ ಅಂಕ ಬರೆದುಕೊಂಡಿದ್ದ. ಇನ್ನೊಬ್ಬಳ ಅಣ್ಣ ಹೈಸ್ಕೂಲಿನ ನೋಟ್‌ಬುಕ್ಕಿನ ಹಿಂಭಾಗದಲ್ಲಿ ತಂಗಿಯ ಅಂಕಗಳನ್ನೂ ತನ್ನ ಅಂಕಗಳನ್ನೂ ಎದುರುಬದುರಾಗಿ ಬರೆದು ತಾನೇ ಮೇಲು ಎಂದು ಗೆರೆ ಎಳೆದಿದ್ದ. ಮೂರನೆಯ ಮನೆಯಲ್ಲಿ ತಾಯಿ ಮೊರದ ಮುಂದಿನಿಂದ ಏಳದೆ, ಬೀಡಿ ಕಟ್ಟುತ್ತಲೇ, ಬೀಡಿ ಪುಸ್ತಕವನ್ನು ಮುಂದಕ್ಕೆ ತಳ್ಳಿದರು. ಬ್ರಾಂಚಿಗೆ ಕೊಟ್ಟ ಸಾವಿರಗಳ ಲೆಕ್ಕದ ಕೆಳಗೆ, ಏಪ್ರಿಲಿನ ಒಂದು ದಿನದ ಎದುರು, 'ಇಂಗ್ಲಿಷ್ 53' ಎಂದು ಬರೆದಿತ್ತು. "ಅವನಿಗೆ ಅದೇ ಭಯ ಇದ್ದದ್ದು ಟೀಚರೇ, ಹಾಗಾಗಿ ಬರೆದಿಟ್ಟೆ," ಎಂದರು.

ಆರು ಮನೆಗಳಲ್ಲಿ ಸಿಕ್ಕಿತು. ಇಪ್ಪತ್ತೇಳನೆಯ ಕ್ರಮಾಂಕದ ಮನೆಯವರು ಘಟ್ಟದ ಮೇಲೆ ಕೆಲಸಕ್ಕೆ ಹೋಗಿ ಮನೆಗೆ ಬೀಗ ಬಿದ್ದಿತ್ತು. ಮೂವತ್ತನೆಯವನ ಮನೆಯಲ್ಲಿ ಯಾರೂ ಏನೂ ಬರೆದಿಟ್ಟಿರಲಿಲ್ಲ. ಟೀಚರ್ ಹೊಸ ರಿಜಿಸ್ಟರನ್ನು ಬಾಲ್ ಪೆನ್ನಿನಲ್ಲಿ ಬರೆದು ಮುಗಿಸಿದರು. ಆ ಇಬ್ಬರ ಇಂಗ್ಲಿಷ್ ಮತ್ತು ವಿಜ್ಞಾನದ ನಾಲ್ಕು ಮನೆಗಳನ್ನು ಮಾತ್ರ ಪೆನ್ಸಿಲಿನಿಂದ ಸುತ್ತುಹಾಕಿ ಖಾಲಿ ಬಿಟ್ಟರು.

ಪಡುಬಿದ್ರಿ ಹುಡುಗ

ಕಥೆ ಚೆನ್ನಾಗಿದೆ ಅಕ್ಕ. ಆದರೆ ಕೊನೆಯ ನಾಲ್ಕು ಮನೆಗಳನ್ನು ಖಾಲಿ ಬಿಡುವ ಅಗತ್ಯವಿರಲಿಲ್ಲ. ಸಾಲಿನ ಮೊತ್ತಗಳು ಎರಡು, ಕಂಬದ ಮೊತ್ತಗಳು ಎರಡು, ಒಟ್ಟು ನಾಲ್ಕು ಸಮೀಕರಣಗಳು. ಗೊತ್ತಿಲ್ಲದ ಸಂಖ್ಯೆಗಳೂ ನಾಲ್ಕು. ನಾಲ್ಕಕ್ಕೆ ನಾಲ್ಕಿದ್ದರೆ ಉತ್ತರ ಒಂದೇ ಎಂದು ನಾವು ಪಿಯುಸಿಯಲ್ಲೇ ಕಲಿತಿದ್ದೇವೆ. ಆ ಮೊತ್ತಗಳನ್ನು ಕೊಟ್ಟರೆ ನಾನು ಬಿಡಿಸಿ ಹಾಕುತ್ತೇನೆ.

ಬ್ರಹ್ಮಾವರದ ಮಗಳು

ಇಪ್ಪತ್ತೇಳನೆಯ ಕ್ರಮಾಂಕಕ್ಕೆ ಇಂಗ್ಲಿಷ್ ಮತ್ತು ವಿಜ್ಞಾನ ಸೇರಿ 98, ಮೂವತ್ತಕ್ಕೆ 81. ಉಳಿದವರ ಅಂಕಗಳನ್ನೆಲ್ಲ ಕಳೆದ ಮೇಲೆ ಈ ಇಬ್ಬರ ಪಾಲಿಗೆ ಉಳಿಯುವುದು ಇಂಗ್ಲಿಷಿನಲ್ಲಿ 84, ವಿಜ್ಞಾನದಲ್ಲಿ 95. ವಿಜ್ಞಾನದಲ್ಲಿ ಅನುತ್ತೀರ್ಣನಾದ ಒಬ್ಬ ಈ ಇಬ್ಬರಲ್ಲಿಲ್ಲ, ಅವನು ಮೊದಲ ಹಾಳೆಯಲ್ಲೇ ಸಿಕ್ಕಿದ್ದಾನೆ.

ಪಡುಬಿದ್ರಿ ಹುಡುಗ

ಸಿಕ್ಕಿತು. ಇಪ್ಪತ್ತೇಳಕ್ಕೆ 49 ಮತ್ತು 49, ಮೂವತ್ತಕ್ಕೆ ಇಂಗ್ಲಿಷ್ 35, ವಿಜ್ಞಾನ 46. ನಾಲ್ಕೂ ಮೊತ್ತಗಳು ಸರಿಯಾಗಿವೆ, ಇಬ್ಬರೂ ಎರಡರಲ್ಲೂ ಉತ್ತೀರ್ಣರು.

ಲೆಕ್ಕಪತ್ರ, ಮಂಗಳೂರು

ತಮ್ಮಾ, ನಿಮ್ಮ ಉತ್ತರ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಇಪ್ಪತ್ತೇಳಕ್ಕೆ ಇಂಗ್ಲಿಷ್ 38, ವಿಜ್ಞಾನ 60, ಮೂವತ್ತಕ್ಕೆ ಇಂಗ್ಲಿಷ್ 46, ವಿಜ್ಞಾನ 35 ಎಂದು ಹಾಕಿ ನೋಡಿ. ಅದೂ ಎಲ್ಲ ಮೊತ್ತಗಳಿಗೆ ಹೊಂದುತ್ತದೆ, ಅದರಲ್ಲೂ ಇಬ್ಬರು ಉತ್ತೀರ್ಣರಾಗುತ್ತಾರೆ.

ನಿಮ್ಮ ನಾಲ್ಕು ಸಮೀಕರಣಗಳಲ್ಲಿ ನಾಲ್ಕನೆಯದು ಹೊಸದೇನನ್ನೂ ಹೇಳುವುದಿಲ್ಲ. ಎರಡು ಸಾಲುಗಳನ್ನು ಕೂಡಿದರೆ 179, ಎರಡು ಕಂಬಗಳನ್ನು ಕೂಡಿದರೂ 179. ಅದು ಹಾಗೆ ಬರಲೇಬೇಕು. ಆದ್ದರಿಂದ ಮೂರನ್ನು ತಿಳಿದರೆ ನಾಲ್ಕನೆಯದು ಮೊದಲೇ ಗೊತ್ತಿರುತ್ತದೆ. ಇಬ್ಬರು ಮಕ್ಕಳು, ಎರಡು ವಿಷಯ, ನಾಲ್ಕು ಮೂಲೆಯೂ ಖಾಲಿ ಎಂದಾದಾಗ ಒಂದು ಮೂಲೆಗೆ ಒಂದು ಅಂಕ ಹೆಚ್ಚಿಸಿ, ಪಕ್ಕದ ಎರಡು ಮೂಲೆಗಳಿಂದ ಒಂದೊಂದು ಕಳೆದು, ಎದುರಿನ ಮೂಲೆಗೆ ಒಂದು ಸೇರಿಸಿದರೆ ಯಾವ ಮೊತ್ತಕ್ಕೂ ಅದು ತಿಳಿಯುವುದೇ ಇಲ್ಲ. ಮೂವತ್ತೈದರ ಗಡಿಯನ್ನು ನಾಲ್ಕೂ ಮೂಲೆಗಳಿಗೆ ಹಾಕಿದರೆ ಇಪ್ಪತ್ತೇಳನೆಯ ಕ್ರಮಾಂಕದ ಇಂಗ್ಲಿಷ್ 38ರಿಂದ 49ರೊಳಗೆ ಎಲ್ಲಿಯಾದರೂ ಇರಬಹುದು. ಒಟ್ಟು ಹನ್ನೆರಡು ಉತ್ತರಗಳು. ನೀವು ಅವುಗಳಲ್ಲಿ ಕೊನೆಯದನ್ನು ಆರಿಸಿದ್ದೀರಿ, ಬಹುಶಃ 98ನ್ನು ಅರ್ಧ ಮಾಡಿ.

ಟೀಚರ್ ಮನೆಮನೆಗೆ ಹೋದದ್ದು ಇದಕ್ಕಾಗಿಯೇ ಎಂಬುದು ನನಗೆ ಕಥೆಯಲ್ಲಿ ಇಷ್ಟವಾದ ಭಾಗ. ಎಂಟು ಮಕ್ಕಳಲ್ಲಿ ಏಳು ಮಂದಿಯ ಒಂದೊಂದು ಅಂಕ ಸಿಕ್ಕಿದ್ದರೆ ಎಂಟನೆಯ ಮನೆಗೆ ಹೋಗಬೇಕಾಗಿಯೇ ಇರಲಿಲ್ಲ, ಕಂಬದ ಮೊತ್ತವೇ ಅದನ್ನು ಹೇಳುತ್ತಿತ್ತು. ಆರರಲ್ಲಿ ನಿಂತದ್ದರಿಂದ ಆ ಚೌಕ ಮುಚ್ಚಲಿಲ್ಲ. ಬೀಗ ಬಿದ್ದ ಮನೆಯವರು ಒಂದು ದಿನ ಊರಿಗೆ ಬಂದು 'ಇಂಗ್ಲಿಷಿನಲ್ಲಿ ನಲವತ್ತೆರಡು' ಎಂದು ಹೇಳಿದ್ದರೆ ನಾಲ್ಕೂ ಮನೆಗಳು ಒಮ್ಮೆಗೇ ತುಂಬುತ್ತಿದ್ದವು.

ಸುರತ್ಕಲ್ ಓದುಗ

ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೂ ಕಳೆದ ವರ್ಷದ ಮಳೆಯಲ್ಲಿ ಹಾಳಾಯಿತು. ಈ ರೀತಿ ಹಳೆಯ ನೋಟ್‌ಬುಕ್ಕುಗಳಿಂದ ತಯಾರಿಸಿದರೆ ಪಾಸ್‌ಪೋರ್ಟ್ ಕಚೇರಿಯವರು ಒಪ್ಪುತ್ತಾರೆಯೇ? 625ಕ್ಕೆ ಎಷ್ಟು ಬಂದಿತ್ತೆಂಬುದು ನನಗೆ ನೆನಪಿದೆ.

ನಿವೃತ್ತ ಮಾಸ್ಟ್ರು, ಕಾರ್ಕಳ

ಇಲ್ಲ ಮಾರಾಯ್ರೆ, ನೀವು ತಯಾರಿಸಬೇಡಿ. ಅದು ಬೇರೆಯೇ ವಿಷಯ. ಎಸ್‌ಎಸ್‌ಎಲ್‌ಸಿಯ ದಾಖಲೆ ಬೆಂಗಳೂರಿನ ಪರೀಕ್ಷಾ ಮಂಡಲಿಯಲ್ಲಿ ಇರುತ್ತದೆ, ನೀವು ಓದಿದ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಎರಡನೆಯ ಪ್ರತಿಗೆ ಅರ್ಜಿ ಹಾಕಿ. ಈ ಕಥೆಯಲ್ಲಿರುವುದು ಶಾಲೆಯೊಳಗಿನ ಪರೀಕ್ಷೆ. ಅದಕ್ಕೆ ಬೇರೆಲ್ಲಿಯೂ ಪ್ರತಿ ಇರಲಿಲ್ಲ, ಹಾಗಾಗಿಯೇ ಈ ಪರದಾಟ.

ಇನ್ನು ಕಥೆಗೆ ಬರುತ್ತೇನೆ. ಮೂವತ್ತನಾಲ್ಕನ್ನು ಮೂವತ್ತೈದು ಮಾಡುವ ಸಂಗತಿಯನ್ನು ಬರೆದದ್ದು ಒಳ್ಳೆಯದಾಯಿತು, ನಾವೆಲ್ಲ ಮಾಡಿದವರೇ. ಅದನ್ನು ನಾವು ರಿಜಿಸ್ಟರಿನಲ್ಲಿ ಮಾತ್ರ ಮಾಡುತ್ತಿದ್ದೆವು, ನಮ್ಮ ನೋಟ್‌ಬುಕ್ಕಿನಲ್ಲಿ ಹಳೆಯದೇ ಉಳಿಯುತ್ತಿತ್ತು. ಆದ್ದರಿಂದ ನೋಟ್‌ಬುಕ್ಕಿಗೂ ರಿಜಿಸ್ಟರಿಗೂ ವ್ಯತ್ಯಾಸ ಬಂದರೆ ನಾನು ಮೊದಲು ನೋಡುವುದು ಮೂವತ್ತೆರಡು, ಮೂವತ್ತಮೂರು, ಮೂವತ್ತನಾಲ್ಕುಗಳನ್ನು. ಟೀಚರ್ ಅದನ್ನು ತೆಗೆಯದೆ ನೇರವಾಗಿ ಒಂಬತ್ತರಿಂದ ಭಾಗಿಸಿದ್ದರೆ ಇಪ್ಪತ್ತೈದು ಎಲ್ಲಿಗೂ ಹೋಗುತ್ತಿರಲಿಲ್ಲ.

ಹಾಲಿನ ಲೆಕ್ಕ, ಹಿರಿಯಡ್ಕ

ನಮ್ಮ ಊರಿನ ಹಾಲಿನ ಸೊಸೈಟಿಯಲ್ಲಿಯೂ ಒಮ್ಮೆ ಇಂಥದ್ದೇ ಆಯಿತು. ದಿನವಹಿ ಪುಸ್ತಕದ ಹದಿನೈದು ದಿನದ ಪುಟಗಳು ನೀರಿಗೆ ಹೋದವು. ನಾನು ಸದಸ್ಯರ ಪಾಸ್‌ಪುಸ್ತಕಗಳನ್ನೆಲ್ಲ ತರಿಸಿ ಬೆಳಿಗ್ಗೆ, ಸಂಜೆ ಎಂದು ಮತ್ತೆ ಬರೆದೆ, ಎರಡೇ ದಿನದಲ್ಲಿ ಮುಗಿಯಿತು. ನಮಗೆ ಅನುಕೂಲವಾದದ್ದೇನೆಂದರೆ, ಹಾಲು ಅಳೆದ ಕ್ಷಣದಲ್ಲೇ ಪಾಸ್‌ಪುಸ್ತಕದಲ್ಲೂ ನಮ್ಮ ಪುಸ್ತಕದಲ್ಲೂ ಬರೆಯುತ್ತಿದ್ದೆವು, ಒಂದನ್ನು ನೋಡಿ ಇನ್ನೊಂದನ್ನು ಬರೆದದ್ದಲ್ಲ. ಟೀಚರಿಗೆ ಸಿಕ್ಕಿದ ಹೆಡ್‌ಮಾಸ್ಟ್ರ ಪುಸ್ತಕವೂ ಕಚೇರಿಯ ವರದಿಯೂ ಎರಡೂ ಹಾಳಾದ ರಿಜಿಸ್ಟರನ್ನು ನೋಡಿಯೇ ಬರೆದವುಗಳಲ್ಲವೇ? ರಿಜಿಸ್ಟರಿನಲ್ಲೇ ತಪ್ಪಿದ್ದರೆ ಅವೆರಡೂ ಸೇರಿ ಆ ತಪ್ಪಿಗೆ ಸಾಕ್ಷಿ ಹೇಳುತ್ತವೆ.

ಲೆಕ್ಕಪತ್ರ, ಮಂಗಳೂರು

ಹಿರಿಯಡ್ಕದವರು ಹೇಳಿದ್ದನ್ನೇ ನಾನು ಬರೆಯಬೇಕೆಂದಿದ್ದೆ. ಕಥೆಯ ಗಂಟು ಅಲ್ಲಿದೆ, ಮತ್ತು ಕಥೆ ಬರೆದವರು ಅದನ್ನು ನೋಡದೆ ದಾಟಿಹೋಗಿದ್ದಾರೆ ಎಂದು ನನಗೆ ಅನಿಸುತ್ತದೆ.

ಟೀಚರ್ ಕಟ್ಟಿದ್ದು ರಿಜಿಸ್ಟರನ್ನು. ಅದರಲ್ಲಿ ಅವರು ಗೆದ್ದಿದ್ದಾರೆ, ಒಂಬತ್ತನೆಯ ಕ್ರಮಾಂಕದ ಎದುರು ರಿಜಿಸ್ಟರಿನಲ್ಲಿ 58 ಇತ್ತು ಎಂಬುದರಲ್ಲಿ ನನಗೆ ಅನುಮಾನ ಬಹಳ ಕಡಿಮೆ. ಆದರೆ ಆ ಹುಡುಗಿಗೆ ಗಣಿತದಲ್ಲಿ ಬಂದದ್ದು ಎಷ್ಟು? ಗಣಿತದ ಮಾಸ್ಟ್ರ ನೋಟ್‌ಬುಕ್ಕಿನಲ್ಲಿ 85 ಇದೆ. ಉತ್ತರ ಪತ್ರಿಕೆಯಿಂದ ನೋಟ್‌ಬುಕ್ಕಿಗೆ, ನೋಟ್‌ಬುಕ್ಕಿನಿಂದ ರಿಜಿಸ್ಟರಿಗೆ, ರಿಜಿಸ್ಟರಿನಿಂದ ಹೆಡ್‌ಮಾಸ್ಟ್ರ ಪುಸ್ತಕಕ್ಕೆ ಎಂದು ಅಂಕ ಮೂರು ಸಲ ನಕಲಾಗಿದೆ. ಅಂಕಿಗಳು ಮೊದಲ ಹೆಜ್ಜೆಯಲ್ಲಿ ಮಗುಚಿದ್ದರೆ 58 ಸರಿ, ಎರಡನೆಯ ಹೆಜ್ಜೆಯಲ್ಲಿ ಮಗುಚಿದ್ದರೆ 85 ಸರಿ. ಇದ್ದ ಕಾಗದಗಳಲ್ಲಿ ಉತ್ತರ ಪತ್ರಿಕೆಗೆ ಅತ್ಯಂತ ಹತ್ತಿರವಿರುವುದು ನೋಟ್‌ಬುಕ್ಕೇ. ಎರಡನೆಯದು ಸರಿಯಾದರೆ ಅವಳ ಒಟ್ಟು 335 ಅಲ್ಲ, 362.

ಒಂಬತ್ತರ ಉಪಾಯದ ಬಗ್ಗೆಯೂ ಒಂದು ಮಾತು. ಅಂಕಿಗಳು ಮಗುಚಿದರೆ ವ್ಯತ್ಯಾಸ ಒಂಬತ್ತರಿಂದ ಖಂಡಿತ ಭಾಗವಾಗುತ್ತದೆ. ಆದರೆ ಭಾಗವಾದ ಮಾತ್ರಕ್ಕೆ ಅಂಕಿಗಳು ಮಗುಚಿವೆ ಎಂದಾಗುವುದಿಲ್ಲ. ಬೇರೆ ಯಾವುದೋ ತಪ್ಪಿನಿಂದ ಬಂದ ವ್ಯತ್ಯಾಸವೂ ಒಂಬತ್ತು ಸಲದಲ್ಲಿ ಒಂದು ಸಲ ಹಾಗೆ ಭಾಗವಾಗಿಬಿಡುತ್ತದೆ. ಇಲ್ಲಿ ನನಗೆ ನಂಬಿಕೆ ಬರುವುದು ಇಪ್ಪತ್ತೇಳರಿಂದಲ್ಲ, ಅದೇ ಇಪ್ಪತ್ತೇಳು ಇಂಗ್ಲಿಷಿನ ಹನ್ನೆರಡನ್ನೂ ಸರಿಪಡಿಸಿದ್ದರಿಂದ. ಒಟ್ಟಿನಿಂದ ಕಳೆದು ಪಡೆದ ವಿಷಯವು ಬೇರೆ ಐದು ವಿಷಯಗಳ ತಪ್ಪುಗಳನ್ನೆಲ್ಲ ತನ್ನ ಮೇಲೆ ಹೊತ್ತುಕೊಳ್ಳುತ್ತದೆ. ಹಾಗಾಗಿಯೇ ಇಂಗ್ಲಿಷ್ ಸಾಲು ಉಳಿದ ಐದನ್ನು ಪರೀಕ್ಷಿಸಿತು. ಆ ಹುಡುಗಿಗೆ ಇಂಗ್ಲಿಷಿನಲ್ಲಿ 39ರ ಬದಲು 70 ಬಂದಿದ್ದರೆ, ತಪ್ಪಿನಿಂದಾಗಿ 43 ಎಂದು ಕಾಣುತ್ತಿತ್ತು, ಟೀಚರಿಗೆ ಅಲ್ಲಿ ಏನೂ ವಿಚಿತ್ರವೆನಿಸುತ್ತಿರಲಿಲ್ಲ.

ಕಥೆ ಓದುವವಳು

ಕ್ಷಮಿಸಿ, ನಾನು ಲೆಕ್ಕದ ಬಗ್ಗೆ ಬರೆಯುವುದಿಲ್ಲ. ಬೀಡಿ ಪುಸ್ತಕದ ತಾಯಿ ಒಂದೇ ವಾಕ್ಯ ಮಾತಾಡಿ ಹೋಗಿಬಿಡುತ್ತಾರೆ, ಕಥೆಯಲ್ಲಿ ಉಸಿರಾಡುವವರು ಅವರೊಬ್ಬರೇ. ಒಂಬತ್ತನೆಯ ಹುಡುಗಿಯ ಕ್ರಮಾಂಕವೇ ಶೀರ್ಷಿಕೆಯಾಗಿದೆ, ಆದರೆ ಟೀಚರ್ ಅವಳ ಮನೆಗೆ ಹೋಗುವುದೇ ಇಲ್ಲ. ಅವಳ ಅಂಕಗಳೆಲ್ಲ ಕಾಗದದಲ್ಲೇ ಸಿಕ್ಕಿದವೆಂಬುದು ಕಾರಣವಾಗಿರಬಹುದು. ಆದರೂ 85 ಮತ್ತು 58ರ ನಡುವೆ ಅನುಮಾನ ಬಂದ ಮೇಲೆ ಮೊದಲು ಕೇಳಬೇಕಾದದ್ದು ಅವಳನ್ನೇ ಅಲ್ಲವೇ? ಗಣಿತದಲ್ಲಿ ಎಂಬತ್ತೈದು ಬಂದ ಹನ್ನೊಂದು ವರ್ಷದ ಹುಡುಗಿ ಅದನ್ನು ಎರಡು ತಿಂಗಳಲ್ಲಿ ಮರೆಯುವುದಿಲ್ಲ.

ಪಡುಬಿದ್ರಿ ಹುಡುಗ

ಹನ್ನೆರಡು ಉತ್ತರಗಳಿವೆ ಎಂಬುದನ್ನು ಒಪ್ಪಿಕೊಂಡೆ, ಕೂತು ಬರೆದು ನೋಡಿದೆ. ಆದರೂ ಖಾಲಿ ಬಿಡುವುದಕ್ಕಿಂತ ನಡುವಿನದನ್ನು ಹಾಕುವುದು ವಾಸಿಯಲ್ಲವೇ? 43 ಎಂದು ಹಾಕಿದರೆ ತಪ್ಪು ಆರು ಅಂಕಕ್ಕಿಂತ ಹೆಚ್ಚಾಗುವುದಿಲ್ಲ.

ನಿವೃತ್ತ ಮಾಸ್ಟ್ರು, ಕಾರ್ಕಳ

ಹಾಕಬಹುದು, ಆದರೆ ಪೆನ್ಸಿಲಿನಲ್ಲಿ. ಇಲ್ಲಿ ನಾನು ಲೆಕ್ಕದ ಮೇಡಂ ಅವರ ಜೊತೆ ಪೂರ್ತಿ ಇಲ್ಲ. ಇಬ್ಬರ ಒಟ್ಟು ಅಂಕಗಳೂ ಸರಿಯಾಗಿವೆ, ಇಬ್ಬರೂ ಉತ್ತೀರ್ಣರೆಂಬುದು ಖಚಿತ. ಏಳನೆಯ ತರಗತಿಗೆ ಹೋಗಲು ಅದಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ. ತಪಾಸಣೆಗೆ ಬಂದ ಸಾಹೇಬರಿಗೆ ಖಾಲಿ ಮನೆ ಕಂಡರೆ ಅದಕ್ಕೆ ನೂರು ವಿವರಣೆ ಕೊಡಬೇಕಾಗುತ್ತದೆ. ನಾನಾಗಿದ್ದರೆ 43 ಹಾಕಿ, ಅಂಚಿನಲ್ಲಿ 'ಅಂದಾಜು' ಎಂದು ಬರೆದು ಸಹಿ ಹಾಕುತ್ತಿದ್ದೆ.

ಲೆಕ್ಕಪತ್ರ, ಮಂಗಳೂರು

ಅಂಚಿನ ಟಿಪ್ಪಣಿಯನ್ನು ಮುಂದಿನ ಸಲ ನಕಲು ಮಾಡುವವರು ನಕಲು ಮಾಡುವುದಿಲ್ಲ ಮಾಸ್ಟ್ರೇ. 43 ಮಾತ್ರ ಮುಂದೆ ಹೋಗುತ್ತದೆ.

ಕಥೆ ಬರೆದವರಲ್ಲಿ ಎರಡು ಪ್ರಶ್ನೆಗಳು. ವಿಷಯ ಶಿಕ್ಷಕರ ನೋಟ್‌ಬುಕ್ಕುಗಳಿಂದ ರಿಜಿಸ್ಟರಿಗೆ ಅಂಕಗಳನ್ನು ಬರೆದವರು ಯಾರು? ಮತ್ತು ಗಣಿತದ ಮಾಸ್ಟ್ರು ತಮ್ಮ ನೋಟ್‌ಬುಕ್ಕಿನ ಪುಟದ ಕೆಳಗೆ ತಾವೇ ಮೊತ್ತ ಹಾಕಿದ್ದರೇ? ಅಂಕ ಕೊಟ್ಟ ದಿನವೇ ಕೂಡಿದ ಮೊತ್ತ 1,738 ಎಂದು ಅಲ್ಲಿದ್ದರೆ, ಆಗಲೇ ಆ ಪುಟದಲ್ಲಿ 85 ಇತ್ತು ಎಂದಾಗುತ್ತದೆ, ಯಾರೂ ನಂತರ ತಿದ್ದಿಲ್ಲ ಎಂದಾಗುತ್ತದೆ.

ಬ್ರಹ್ಮಾವರದ ಮಗಳು

ಮೊದಲ ಪ್ರಶ್ನೆಗೆ ಉತ್ತರ ಕೊಡಲು ನನಗೆ ಒಂದು ದಿನ ಬೇಕಾಯಿತು. ರಿಜಿಸ್ಟರಿಗೆ ಬರೆದದ್ದು ತರಗತಿ ಶಿಕ್ಷಕಿ, ಎಂದರೆ ಅಮ್ಮನೇ. ಒಬ್ಬೊಬ್ಬರಾಗಿ ಬಂದು ತಮ್ಮ ನೋಟ್‌ಬುಕ್ಕು ನೋಡಿ ಅಂಕಗಳನ್ನು ಓದಿ ಹೇಳುತ್ತಿದ್ದರಂತೆ, ಅಮ್ಮ ಬರೆಯುತ್ತಾ ಹೋಗುತ್ತಿದ್ದರಂತೆ. ನಿಮ್ಮ ಬರಹವನ್ನು ಓದಿ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ಎಂಬತ್ತೈದು ಅಂತ ಹೇಳಿದ್ದನ್ನು ಕೇಳಿ ಐವತ್ತೆಂಟು ಅಂತ ಬರೆಯಲಿಕ್ಕೆ ಸಾಧ್ಯವಾ?" ಎಂದು ನನ್ನನ್ನೇ ಕೇಳಿದರು.

ಒಂಬತ್ತನೆಯ ಕ್ರಮಾಂಕದ ಹುಡುಗಿಯನ್ನು ಕೇಳಿದ್ದಿರಾ ಎಂದೂ ವಿಚಾರಿಸಿದೆ. ಕೇಳಿರಲಿಲ್ಲ. ಲೆಕ್ಕ ಕೂಡಿಬಂದಿತ್ತಲ್ಲ ಎಂದರು.

ಗಣಿತದ ನೋಟ್‌ಬುಕ್ಕನ್ನು ಮಾಸ್ಟ್ರು ಹಿಂದಕ್ಕೆ ಪಡೆಯಲೇ ಇಲ್ಲ, ಅದು ಇನ್ನೂ ನಮ್ಮ ಅಟ್ಟದಲ್ಲಿದೆ. ಭಾನುವಾರ ಹುಡುಕಿ ನೋಡುತ್ತೇನೆ.

ಹಾಲಿನ ಲೆಕ್ಕ, ಹಿರಿಯಡ್ಕ

ಓದಿ ಹೇಳಿ ಬರೆಸಿದ್ದಾದರೆ ಅಂಕಿಗಳು ಮಗುಚುವುದು ಕಷ್ಟ. ಕಿವಿಯಲ್ಲಿ ಕೇಳಿದವರು ಎಂಬತ್ತೈದನ್ನು ಎಪ್ಪತ್ತೈದು ಎಂದೋ ಐವತ್ತೈದು ಎಂದೋ ಬರೆಯುತ್ತಾರೆ. ಹಿಂದುಮುಂದಾಗುವುದು ಕಣ್ಣಿನಿಂದ ನೋಡಿ ಬರೆಯುವಾಗ. ಹಾಗಾಗಿ ನನಗೆ ಮೊದಲ ಹೆಜ್ಜೆಯ ಮೇಲೆಯೇ ಅನುಮಾನ, ಮಾಸ್ಟ್ರು ಉತ್ತರ ಪತ್ರಿಕೆಯಿಂದ ನೋಟ್‌ಬುಕ್ಕಿಗೆ ಬರೆಯುವಾಗ.

ನಿವೃತ್ತ ಮಾಸ್ಟ್ರು, ಕಾರ್ಕಳ

ಆದರೆ ನೋಟ್‌ಬುಕ್ಕಿನಲ್ಲಿ 85 ಇದ್ದರೆ ಅವರು ಎಂಬತ್ತೈದು ಎಂದೇ ಓದಿ ಹೇಳುತ್ತಾರೆ. ನೋಟ್‌ಬುಕ್ಕಿನಲ್ಲಿ ತಪ್ಪಿದ್ದರೆ ರಿಜಿಸ್ಟರಿಗೆ ಸರಿಯಾದ 58 ಬಂದದ್ದು ಹೇಗೆ? ಅವರು ಆ ದಿನ ಉತ್ತರ ಪತ್ರಿಕೆಗಳನ್ನೇ ಎದುರಿಗಿಟ್ಟುಕೊಂಡು ಓದಿದ್ದರೆ ಮಾತ್ರ. ಕೆಲವರು ಹಾಗೂ ಮಾಡುತ್ತಿದ್ದರು.

ಬ್ರಹ್ಮಾವರದ ಮಗಳು

ನೋಟ್‌ಬುಕ್ಕು ಸಿಕ್ಕಿತು. ಆ ಪುಟದ ಕೆಳಗೆ ಮೊತ್ತವಿದೆ, 1,738. ಒಂಬತ್ತನೆಯ ಸಾಲಿನಲ್ಲಿ 85 ಸ್ಪಷ್ಟವಾಗಿದೆ, ತಿದ್ದಿದ ಗುರುತು ಇಲ್ಲ. ಓದಿ ಬರೆಸಿದ್ದು ನೋಟ್‌ಬುಕ್ಕಿನಿಂದಲೋ ಪತ್ರಿಕೆಗಳಿಂದಲೋ ಎಂಬುದು ಅಮ್ಮನಿಗೆ ನೆನಪಿಲ್ಲ.

ಲೆಕ್ಕಪತ್ರ, ಮಂಗಳೂರು

ಅಂಕಗಳನ್ನು ಬರೆದ ಶಾಯಿಯೂ ಮೊತ್ತವನ್ನು ಬರೆದ ಶಾಯಿಯೂ ಒಂದೇ ಆಗಿದೆಯೇ ಎಂದು ನೋಡಿ ಹೇಳುವಿರಾ?

ಬ್ರಹ್ಮಾವರದ ಮಗಳು

ಅಲ್ಲ. ಅಂಕಗಳು ನೀಲಿ, ಮೊತ್ತ ಕಪ್ಪು. ಮೊತ್ತದ ಒಂದು ಮತ್ತು ಏಳು ಅಮ್ಮನ ಬರಹದಂತೆಯೇ ಕಾಣುತ್ತಿವೆ.